ಕಾಫಿಯ ಸಕ್ಕರೆ ಇಳಿಸುವುದು ಹೇಗೆ? ಕಾಲು ಚಮಚದಿಂದ ಶುರು ಮಾಡಿ

ಸಕ್ಕರೆ ಬಿಡಬೇಕು, ಅನ್ನ ಕಡಿಮೆ ಮಾಡಬೇಕು, ಬೆಳಿಗ್ಗೆ ಮೊಳಕೆಕಾಳು ತಿನ್ನಬೇಕು. ಇಷ್ಟನ್ನೂ ಒಂದೇ ಸೋಮವಾರ ಶುರು ಮಾಡಿದರೆ ಮುಂದಿನ ಸೋಮವಾರಕ್ಕೆ ಒಂದೂ ಉಳಿಯುವುದು ಕಷ್ಟ. ಅಡುಗೆ ಮಾಡುವವರಿಗೂ ಎರಡೆರಡು ಕೆಲಸ ಅಲ್ವಾ? ಮೊದಲು ಕಾಫಿ, ಟೀಯ ಸಕ್ಕರೆ ಒಂದನ್ನೇ ಹಿಡಿಯಿರಿ. ದಿನವೂ ಅದೇ ಹೊತ್ತಿಗೆ, ಅದೇ ಲೋಟದಲ್ಲಿ ಕುಡಿಯುವುದರಿಂದ ಲೆಕ್ಕ ಇಡುವುದು ಸುಲಭ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಸುಮ್ನೆ ಅಳೆಯಿರಿ. ಚಮಚವನ್ನು ಗುಡ್ಡೆ ತುಂಬದೆ ಮಟ್ಟಸವಾಗಿ ತೆಗೆಯಿರಿ. ಒಂದು ಟೀ ಚಮಚ ಸಕ್ಕರೆ ಸುಮಾರು 5 ಗ್ರಾಂ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ 40 ಗ್ರಾಂ ಆಯಿತು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಸಿಹಿತಿಂಡಿ, ಜೇನುತುಪ್ಪ ಎಲ್ಲವೂ ಆ 25ರೊಳಗೇ ಬರಬೇಕು. ಬೆಲ್ಲಕ್ಕೂ ವಿನಾಯಿತಿ ಇಲ್ಲ.

ಎರಡನೇ ವಾರದಿಂದ ಪ್ರತಿ ಲೋಟಕ್ಕೂ ಕಾಲು ಚಮಚ ಕಡಿಮೆ ಹಾಕಿ. ಎರಡು ವಾರ ಅಲ್ಲೇ ನಿಲ್ಲಿ, ಆಮೇಲೆ ಇನ್ನೊಂದು ಕಾಲು ಚಮಚ ಇಳಿಸಿ. ಹೀಗೆ ನಾಲ್ಕು ಸಲ ಇಳಿಸಿದರೆ ಲೋಟಕ್ಕೆ ಒಂದೇ ಚಮಚ, ದಿನಕ್ಕೆ 20 ಗ್ರಾಂ.

ಕಷ್ಟ ಬರುವುದು ಕಹಿಯಿಂದ. ಡಿಕಾಕ್ಷನ್ ಗಟ್ಟಿಯಾಗಿದ್ದರೆ, ಚಿಕೋರಿ ಜಾಸ್ತಿಯಿದ್ದರೆ ನಾಲಿಗೆ ಸಕ್ಕರೆ ಕೇಳುತ್ತದೆ. ಹಾಗಾಗಿ ಡಿಕಾಕ್ಷನ್ ಸ್ವಲ್ಪ ಕಡಿಮೆ ಹಾಕಿ. ಟೀ ಸೊಪ್ಪನ್ನು ತುಂಬಾ ಹೊತ್ತು ಕುದಿಸಬೇಡಿ, ಒಗರಾಗುತ್ತದೆ. ಏಲಕ್ಕಿ, ಶುಂಠಿಯ ಘಮ ಇದ್ದರೆ ಸಿಹಿ ಕಡಿಮೆಯಾದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಸಕ್ಕರೆ ಹಾಕಿ ಕುದಿಸುವ ಮನೆಯಾದರೆ, ಸಕ್ಕರೆ ಬೀಳುವ ಮೊದಲೇ ನಿಮ್ಮ ಲೋಟಕ್ಕೆ ಸೋಸಿಕೊಳ್ಳಿ. ಕೊನೆಯ ಅರ್ಧ ಚಮಚ ಪೂರ್ತಿ ಕರಗದೆ ತಳದಲ್ಲಿ ಉಳಿಯುತ್ತಿದ್ದರೆ ಅದು ಬೇಡವೇ ಆಗಿತ್ತು ಎಂದರ್ಥ.

ಇನ್ನೊಂದು ಎಚ್ಚರ: ಕಾಫಿ ಜೊತೆ ಬಿಸ್ಕತ್ತು ಹೆಚ್ಚಿತೇ ನೋಡಿ. ಹಾಗಾದರೆ ಬಿಟ್ಟ ಸಕ್ಕರೆ ಬೇರೆ ದಾರಿಯಲ್ಲಿ ಒಳಗೆ ಬರುತ್ತಿದೆ. ಆಗ ಮುಂದಿನ ಮೆಟ್ಟಿಲು ಇಳಿಯಬೇಡಿ. ಒಂದು ಮೆಟ್ಟಿಲು ಹಿಂದೆ ಹೋಗಿ, ಅಲ್ಲಿ ಇನ್ನೆರಡು ವಾರ ಇರಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಶುರು ಮಾಡುವ ಮೊದಲು ವೈದ್ಯರಿಗೆ ಹೇಳಿ.

ಮದುವೆ ಮನೆಯಲ್ಲಿ ಒಂದು ದಿನ ತಪ್ಪಿದರೆ? ಮರುದಿನ ಅದೇ ಅಳತೆಗೆ ಬನ್ನಿ, ಅಷ್ಟೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ದಿನ ಬಿಟ್ಟರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಹೊಸ ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕೆಂಬ ಅಂದಾಜು ಬಂತು. ನಡುವಿನ ಲೆಕ್ಕ 66 ದಿನ.

ಹಳೆಯ ಅಳತೆಯ ಕಾಫಿ ಯಾರದೋ ಮನೆಯಲ್ಲಿ ಸಿಕ್ಕಿ, ಪಾನಕದ ಹಾಗಿದೆ ಅನ್ನಿಸಿದರೆ ನಾಲಿಗೆ ಹೊಂದಿಕೊಂಡಿದೆ. ಚಮಚ ನೋಡದೆಯೇ ಕೈ ಕಡಿಮೆ ಹಾಕುತ್ತಿದ್ದರೆ ಅಭ್ಯಾಸವೂ ಕೂತಿದೆ. ಮಧ್ಯಾಹ್ನದ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಸೇರಿಸುವ ಕೆಲಸಕ್ಕೆ ಆಗ ಕೈ ಹಾಕಿ.