ಕಳೆಯುವ ಸಾಲಿನಲ್ಲೇ ಅಂಕಿ ಹೋಗುತ್ತದೆ

ಮೊಲಾರಿಟಿ, ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅನ್ನುವ ಲೆಕ್ಕದಲ್ಲಿ ನಾನು ಮೊದಲು ನೋಡುವುದು ತೂಕ ಕಳೆದ ಸಾಲನ್ನು. ಉತ್ತರದಲ್ಲಿ ಎಷ್ಟು ಸಾರ್ಥಕ ಅಂಕಿ ಇಡಬಹುದು ಅನ್ನುವುದು ಹೆಚ್ಚಾಗಿ ಅಲ್ಲೇ ತೀರ್ಮಾನವಾಗಿರುತ್ತದೆ.

ನಾನು ಸೋಡಿಯಂ ಕಾರ್ಬೊನೇಟ್ ದ್ರಾವಣ ಮಾಡಿದ ಒಂದು ಲೆಕ್ಕ ಹೀಗಿತ್ತು. ಪುಡಿ ತುಂಬಿದ ಬಾಟಲಿ 19.054 ಗ್ರಾಂ, ಪುಡಿ ಸುರಿದ ಮೇಲೆ 17.642 ಗ್ರಾಂ. ಕಳೆದರೆ 1.412 ಗ್ರಾಂ. ಎರಡು ತೂಕಗಳಲ್ಲೂ ಐದೈದು ಸಾರ್ಥಕ ಅಂಕಿ ಇತ್ತು, ಉಳಿದದ್ದು ನಾಲ್ಕೇ. ಕೂಡುವಾಗ, ಕಳೆಯುವಾಗ ನೋಡಬೇಕಾದದ್ದು ಒಟ್ಟು ಅಂಕಿಗಳನ್ನಲ್ಲ, ದಶಮಾಂಶದ ಸ್ಥಾನವನ್ನು. ಗ್ರಾಂನ ನೂರನೇ ಭಾಗದವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ ಸ್ವಲ್ಪವೇ ಪುಡಿ ತೂಗಿದರೆ ಇನ್ನೂ ಕಷ್ಟ. 17.78ರಿಂದ 17.64 ಕಳೆದರೆ 0.14, ಅಂದರೆ ಎರಡೇ ಅಂಕಿ. ಆಮೇಲೆ ಎಷ್ಟು ಒಳ್ಳೆಯ ಫ್ಲಾಸ್ಕ್ ಬಳಸಿದರೂ ಹೋದ ಅಂಕಿ ಹೋದದ್ದೇ. ಅದಕ್ಕೇ ಅಂಥ ತಕ್ಕಡಿಯಾದರೆ ನಾನು ಜಾಸ್ತಿ ಪುಡಿ ತೂಗಿ, ದೊಡ್ಡ ಫ್ಲಾಸ್ಕ್‌ನಲ್ಲಿ ದ್ರಾವಣ ಮಾಡುತ್ತೇನೆ.

ಮುಂದಿನದನ್ನು ಒಂದೇ ಸಾಲಿನಲ್ಲಿ, ಪ್ರತಿ ಸಂಖ್ಯೆಯ ಪಕ್ಕ ಯೂನಿಟ್ ಬರೆದು ಮಾಡುತ್ತೇನೆ. 1.412 ಗ್ರಾಂ ಅನ್ನು ಮೋಲಿಗೆ 105.99 ಗ್ರಾಂನಿಂದ ಭಾಗಿಸಿದರೆ ಗ್ರಾಂ ಹೊಡೆದುಹೋಗಿ ಮೋಲ್ ಉಳಿಯುತ್ತದೆ. ಅದನ್ನು ದ್ರಾವಣದ ಗಾತ್ರವಾದ 250.0 ಮಿಲಿಲೀಟರ್‌ನಿಂದ ಭಾಗಿಸಿ, ಲೀಟರಿಗೆ 1000 ಮಿಲಿಲೀಟರ್ ಎಂದು ಗುಣಿಸಿದರೆ ಲೀಟರಿಗೆ ಇಷ್ಟು ಮೋಲ್ ಎಂದು ಬರುತ್ತದೆ. ಈ 1000 ಅಳತೆ ಮಾಡಿ ಬಂದದ್ದಲ್ಲ, ಹಾಗೇ ನಿಗದಿಯಾದದ್ದು. ಹಾಗಾಗಿ ಸಾರ್ಥಕ ಅಂಕಿ ಎಣಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಭಾಗಿಸುವ ಬದಲು 105.99ರಿಂದ ಗುಣಿಸಿದ್ದರೆ ‘ಗ್ರಾಂ ವರ್ಗ’ ಅನ್ನುವ ಅರ್ಥವಿಲ್ಲದ ಯೂನಿಟ್ ಬಂದು, ತಪ್ಪು ಅಲ್ಲೇ ಕಾಣುತ್ತಿತ್ತು.

ಕ್ಯಾಲ್ಕುಲೇಟರ್ 0.053288… ಎಂದು ತೋರಿಸುತ್ತದೆ. ನಾಲ್ಕು ಅಂಕಿಗೆ ಇಳಿಸಿದರೆ 0.05329. ಮುಂದಿರುವ ಸೊನ್ನೆಗಳು ಎಣಿಕೆಗೆ ಬರುವುದಿಲ್ಲ, ಅವು ಸ್ಥಾನ ತೋರಿಸುತ್ತವೆ ಅಷ್ಟೆ. ಮಧ್ಯದಲ್ಲೇ ಮೋಲನ್ನು 0.01332 ಎಂದು ಮೊಟಕು ಮಾಡಿದ್ದರೆ ಕೊನೆಗೆ 0.05328 ಬರುತ್ತಿತ್ತು. ಆದ್ದರಿಂದ ಕೊನೆಯವರೆಗೂ ಅಂಕಿಗಳನ್ನು ಕ್ಯಾಲ್ಕುಲೇಟರ್‌ನಲ್ಲೇ ಬಿಡುತ್ತೇನೆ.

ಯೂನಿಟ್ ಸರಿಯಾಗಿ ಬಂತು ಅಂದಮಾತ್ರಕ್ಕೆ ಉತ್ತರ ಸರಿ ಅಂತಲ್ಲ. ಬಾಟಲಿಯಲ್ಲಿದ್ದದ್ದು ನೀರಿಲ್ಲದ Na₂CO₃ ಅಲ್ಲದೆ, ಹತ್ತು ನೀರಿನ ಅಣು ಸೇರಿದ ಹರಳಾಗಿದ್ದರೆ ಮೋಲಿಗೆ 286.14 ಗ್ರಾಂ ಹಿಡಿಯಬೇಕು. 105.99 ಹಾಕಿದರೂ ಗ್ರಾಂ ಅಷ್ಟೇ ಅಚ್ಚುಕಟ್ಟಾಗಿ ಹೊಡೆದುಹೋಗುತ್ತದೆ, ಉತ್ತರ ಮಾತ್ರ ನಿಜಕ್ಕಿಂತ ಸುಮಾರು 2.7 ಪಟ್ಟು ಆಗಿರುತ್ತದೆ. ಇದನ್ನು ಹಿಡಿಯುವ ಬೇರೆ ದಾರಿ ಲೆಕ್ಕದೊಳಗಿಲ್ಲ. ಬಾಟಲಿಯ ಮೇಲಿನ ಚೀಟಿ ಓದಿ, ಅಲ್ಲಿರುವ ಸೂತ್ರವನ್ನೇ ತೂಕದ ಪಕ್ಕ ಬರೆದುಕೊಂಡು ಆಮೇಲೆ ಶುರು ಮಾಡುತ್ತೇನೆ.