ಕಂತು ಕಟ್ಟದೆ ಸೀಜ್ ಆದ ಗಾಡಿ: ಬುಕ್ಸಲ್ಲಿ ನಾನು ಹೇಗೆ ತೋರಿಸ್ತಿದ್ದೆ (ನನ್ನ ಅನುಭವ)

ನಾನು ಬೆಂಗಳೂರಲ್ಲಿ ಕೂತು ಅಮೆರಿಕದ ಕ್ಲೈಂಟ್‌ಗಳ ಬುಕ್ಸ್ ಬರೆಯೋನು. 2015ರ ಸುಮಾರಿಗೆ ಟೆಕ್ಸಾಸಿನ ಒಬ್ಬ ಹಳೇ ಕಾರು ಡೀಲರ್ ಕೆಲಸ ನನ್ನ ಟೇಬಲ್‌ಗೆ ಬಂತು. ಬ್ಯಾಂಕು ಸಾಲ ಕೊಡದೇ ಇರೋ ಜನರಿಗೆ ಇವನೇ ಕಾರು ಮಾರಿ ಇವನೇ ಕಂತು ವಸೂಲಿ ಮಾಡೋನು. ಯಾರು ಕಟ್ತಾರೆ ಯಾರು ಕೈ ಎತ್ತುತಾರೆ ಅಂತ ಅಂದಾಜು ಮಾಡೋಕೆ ಯಾವ ಆಧಾರವೂ ಇರ್ಲಿಲ್ಲ, ಅದಕ್ಕೇ ಇನ್‌ಸ್ಟಾಲ್‌ಮೆಂಟ್ ಮೆಥಡ್. ಅಂದ್ರೆ ಮಾರಿದ ದಿನ ಲಾಭ ತೋರ್ಸೋ ಹಾಗಿಲ್ಲ, ಗ್ರಾಸ್ ಪ್ರಾಫಿಟ್ ಪೂರ್ತಿ ಡಿಫರ್ಡ್ ಅಂತ ಒಂದು ಅಕೌಂಟಲ್ಲಿ ಇಟ್ಟು, ದುಡ್ಡು ಬಂದಷ್ಟು ಬಂದಷ್ಟೇ ಅದರಿಂದ ಆದಾಯಕ್ಕೆ ತರ್ಬೇಕು.

ನಮ್ಮಲ್ಲಿ ಬಿ.ಕಾಂ ಓದಿದವರಿಗೆ ಇದು ಸ್ವಲ್ಪ ಗೊಂದಲ ಆಗುತ್ತೆ, ಯಾಕಂದ್ರೆ ನಮ್ಮ ಅಕೌಂಟಿಂಗ್ ಸ್ಟ್ಯಾಂಡರ್ಡ್ ಎಎಸ್ 9 ಪ್ರಕಾರ ಕಂತಿನ ಮಾರಾಟ ಆದ್ರೂ ಬಡ್ಡಿ ಬಿಟ್ಟು ಉಳಿದ ಬೆಲೆ ಮಾರಿದ ದಿನವೇ ಆದಾಯ. ಹೈಯರ್ ಪರ್ಚೇಸ್ ಚಾಪ್ಟರ್ ತಲೇಲಿ ಇಟ್ಕೊಂಡು ಬಂದ್ರೂ ಕಷ್ಟ, ಅಲ್ಲಿ ಕೊನೇ ಕಂತು ಕಟ್ಟೋ ತನಕ ಮಾಲು ಮಾರಿದವನದ್ದೇ. ಇಲ್ಲಿ ಹಾಗಲ್ಲ, ಕಾರು ಮಾರಿದ ದಿನವೇ ಗಿರಾಕಿದು, ಡೀಲರ್‌ಗೆ ಇರೋದು ಅದರ ಮೇಲಿನ ಅಡಮಾನದ ಹಕ್ಕು ಅಷ್ಟೇ, ಕಂತು ನಿಂತ್ರೆ ಗಲಾಟೆ ಮಾಡ್ದೆ ಎತ್ಕೊಂಡು ಬರ್ಬಹುದು.

ಸರಿ, ವಿಷಯಕ್ಕೆ ಬರ್ತೀನಿ. ವರ್ಷದ ಕೊನೇಲಿ ನಾನು ಮೊದಲು ಮಾಡೋ ಚೆಕ್ ಒಂದೇ. ಯಾವ ವರ್ಷ ಮಾರಿದ್ದು ಅನ್ನೋದರ ಮೇಲೆ ಬಾಕಿಯನ್ನ ಬೇರೆ ಬೇರೆ ಇಡ್ತೀವಿ, 2014ರ ಮಾರಾಟಕ್ಕೆ ಲಾಭದ ರೇಟು, ಅಂದ್ರೆ ಮಾರಾಟ ಬೆಲೆಯಲ್ಲಿ ಲಾಭದ ಪಾಲು, 35% ಇತ್ತು, 2015ಕ್ಕೆ ಬೇರೆ. 2014ರ ಗಿರಾಕಿಗಳ ಬಾಕಿ 1,20,000 ಡಾಲರ್ ಉಳಿದಿದ್ರೆ, ಅದರ 35% ಅಂದ್ರೆ 42,000 ಡಾಲರ್ ಡಿಫರ್ಡ್ ಅಕೌಂಟಲ್ಲಿ ಇರ್ಲೇಬೇಕು, ಒಂದು ಡಾಲರ್ ಹೆಚ್ಚೂ ಇಲ್ಲ ಕಮ್ಮಿನೂ ಇಲ್ಲ. ಆ ವರ್ಷ ಲೆಡ್ಜರ್ ತೆಗೆದ್ರೆ 43,610 ಇತ್ತು. 1,610 ಜಾಸ್ತಿ. ಮೊದಲು ಬಡ್ಡಿ ಮೇಲೆ ಅನುಮಾನ ಬಂತು, ಯಾಕಂದ್ರೆ ಗಿರಾಕಿ ಕಟ್ಟೋ ಕಂತಲ್ಲಿ ಬಡ್ಡಿ, ಲೇಟ್ ಫೀ ಎಲ್ಲಾ ಸೇರಿರುತ್ತೆ, ಲಾಭದ ರೇಟು ಹಾಕ್ಬೇಕಾಗಿದ್ದು ಅಸಲಿನ ಭಾಗಕ್ಕೆ ಮಾತ್ರ, ಕೆಲವರು ಇಡೀ ಕಂತಿಗೆ 35% ಹಾಕ್ಬಿಡ್ತಾರೆ. ಆದ್ರೆ ಹಾಗೆ ಮಾಡಿದ್ರೆ ಡಿಫರ್ಡ್ ಬೇಗ ಕರಗಿ ಕಮ್ಮಿ ಆಗ್ಬೇಕು, ಇಲ್ಲಿ ಜಾಸ್ತಿ ಇದೆ. ಬಾಕಿ ಹೋಗಿದೆ, ಅದಕ್ಕಂಟಿದ ಲಾಭ ಮಾತ್ರ ಅಲ್ಲೇ ಕೂತಿದೆ ಅಂದ್ರೆ ಯಾವ್ದೋ ಸೀಜ್ ಗಾಡಿ ಅಂತ ಗೊತ್ತಾಯ್ತು. 1,610ನ್ನ 35%ಗೆ ಭಾಗಿಸಿದ್ರೆ 4,600 ಬರುತ್ತೆ, ಲೆಡ್ಜರಲ್ಲಿ ಅಷ್ಟೇ ಮೊತ್ತ ಕ್ಲೋಸ್ ಆಗಿರೋ ಬಾಕಿ ಹುಡುಕಿದೆ, ಸಿಕ್ತು.

ಆ ಗಾಡಿ ಕಥೆ ಹೀಗೆ. 2014ರಲ್ಲಿ 8,000 ಡಾಲರ್‌ಗೆ ಮಾರಿದ್ದು. ಗಿರಾಕಿ ಡೌನ್ ಪೇಮೆಂಟ್ ಮತ್ತೆ ಕಂತಿನ ಅಸಲು ಸೇರಿ ಒಟ್ಟು 3,400 ಕಟ್ಟಿದ್ದ, ಅದ್ರಲ್ಲಿ 1,000 ಕಟ್ಟಿದ್ದು 2015ರಲ್ಲಿ. ಆಮೇಲೆ ಫೋನೂ ಇಲ್ಲ ದುಡ್ಡೂ ಇಲ್ಲ. ಟೋ ಗಾಡಿಯವನು ಹೋಗಿ ಎತ್ಕೊಂಡು ಬಂದ. ಬಾಕಿ 4,600. ಹಿಂದಿದ್ದ ಬುಕ್‌ಕೀಪರ್ ಏನ್ ಮಾಡಿದ್ದ ಅಂದ್ರೆ ಗಾಡೀನ 2,500ಕ್ಕೆ ಸ್ಟಾಕಿಗೆ ತಗೊಂಡು, ಉಳಿದ 2,100ನ್ನ ಪೂರ್ತಿ ನಷ್ಟ ಅಂತ ಬರೆದಿದ್ದ. ಡೀಲರ್‌ಗೂ ಹೊಟ್ಟೆ ಉರಿ, ಒಂದು ಗಾಡೀಲಿ ಇಷ್ಟು ನಷ್ಟನಾ ಅಂತ.

ಆದ್ರೆ ಯೋಚ್ನೆ ಮಾಡಿ, ಆ 4,600ರಲ್ಲಿ 1,610 ನಾವು ಯಾವತ್ತೂ ಆದಾಯ ಅಂತ ತೋರಿಸೇ ಇಲ್ಲದ ಲಾಭ. ತೋರಿಸದ ಲಾಭ ಕಳ್ಕೊಂಡ್ರೆ ಅದು ನಷ್ಟ ಹೇಗಾಗುತ್ತೆ? ನಿಜವಾಗಿ ಸಿಕ್ಕಿಹಾಕ್ಕೊಂಡಿರೋದು ಗಾಡಿಯ ಕಾಸ್ಟಲ್ಲಿ ಇನ್ನೂ ವಾಪಸ್ ಬರದ ಭಾಗ, 4,600ರಲ್ಲಿ 1,610 ಕಳೆದ್ರೆ 2,990. ಅದಕ್ಕೆ ಎದುರಾಗಿ 2,500 ಬೆಲೆಯ ಗಾಡಿ ಕೈಗೆ ಬಂದಿದೆ. ನಷ್ಟ 490 ಅಷ್ಟೇ. ಮೊದಲೇ ಹಾಕ್ಬೇಕಾಗಿದ್ದ ಎಂಟ್ರಿ: ಸೀಜ್ ಮಾಡಿದ ಗಾಡಿ ಸ್ಟಾಕಿಗೆ ಡೆಬಿಟ್ 2,500, ಡಿಫರ್ಡ್ ಗ್ರಾಸ್ ಪ್ರಾಫಿಟ್ 2014ಕ್ಕೆ ಡೆಬಿಟ್ 1,610, ಸೀಜ್ ನಷ್ಟಕ್ಕೆ ಡೆಬಿಟ್ 490, 2014ರ ಬಾಕಿಗೆ ಕ್ರೆಡಿಟ್ 4,600. ಹಳೇದನ್ನ ಸರಿಮಾಡೋಕೆ ಡಿಫರ್ಡ್ ಡೆಬಿಟ್ 1,610, ನಷ್ಟ ಕ್ರೆಡಿಟ್ 1,610 ಸಾಕಾಯ್ತು, ಲೆಡ್ಜರ್ 42,000ಕ್ಕೆ ಬಂದು ಕೂತ್ತು. ಗಾಡಿ ಸಿಗದೆ ಗಿರಾಕಿ ಅದನ್ನೂ ತಗೊಂಡು ಪರಾರಿ ಆಗಿದ್ರೂ ನಷ್ಟ 2,990 ಆಗ್ತಿತ್ತೇ ಹೊರತು 4,600 ಅಲ್ಲ. ಇನ್ನೊಂದು, 2015ರಲ್ಲಿ ಅವನು ಕಟ್ಟಿದ 1,000ಕ್ಕೆ 350 ಲಾಭ ಆಗ್ಲೇ ತಗೊಂಡಿರ್ತೀವಿ, ಗಾಡಿ ಸೀಜ್ ಆಯ್ತು ಅಂತ ಅದನ್ನ ವಾಪಸ್ ತಿರುಗ್ಸೋ ಅಗತ್ಯ ಇಲ್ಲ, ಆ ದುಡ್ಡು ಬಂದಿದ್ದು ಬಂದ ಹಾಗೇನೇ.

ರೇಟಿನ ವಿಷ್ಯದಲ್ಲೂ ಹುಷಾರು. ಗಾಡಿ ಸೀಜ್ ಆಗಿದ್ದು 2015ರಲ್ಲಿ, ಆದ್ರೆ ಹಾಕ್ಬೇಕಾಗಿದ್ದು ಮಾರಿದ ವರ್ಷದ 35%. ಸೀಜ್ ಆದ ವರ್ಷದ ರೇಟು ಹಾಕಿದ್ರೆ ಎರಡು ವರ್ಷದ ಲೆಡ್ಜರೂ ಕೆಡುತ್ತೆ.

ಈಗ ಜಗಳ ಆಗೋ ಜಾಗ, ಆ 2,500 ಎಲ್ಲಿಂದ ಬಂತು. ಡೀಲರ್ ಹೇಳಿದ್ದು, "ನಾನು ಇದನ್ನ 4,000ಕ್ಕೆ ಮಾರ್ತೀನಿ, 4,000 ಅಂತಲೇ ಹಾಕು." ಹಾಗೆ ಹಾಕಿದ್ರೆ 490 ನಷ್ಟ ಇದ್ದಿದ್ದು 1,010 ಲಾಭ ಆಗ್ಬಿಡುತ್ತೆ, ಕಂತು ಕಟ್ಟದ ಗಿರಾಕಿಯಿಂದ ಲಾಭ! ಗಾಡಿ ಇನ್ನೂ ಮಾರೇ ಇಲ್ಲ, ಟೈರ್ ಸವೆದಿದೆ, ಸೀಟು ಹರಿದಿದೆ. ಹಾಗಾಗಿ ಮಾರಬಹುದಾದ 4,000ದಿಂದ ರಿಪೇರಿ ಖರ್ಚು 500 ಕಳೀಬೇಕು, ಮತ್ತೆ ಅಂಥ ಗಾಡಿ ಮಾರಿದ್ರೆ ಮಾಮೂಲಾಗಿ ಸಿಗೋ ಲಾಭವನ್ನೂ, ಅವನ ಲೆಕ್ಕದಲ್ಲಿ ಮಾರಾಟ ಬೆಲೆಯ 25% ಅಂದ್ರೆ 1,000, ಕಳೀಬೇಕು. ಉಳಿದಿದ್ದು 2,500. ಡೀಲರ್‌ಗಳ ಹರಾಜಲ್ಲಿ ಅಂಥ ಗಾಡಿ ಯಾವ ರೇಟಿಗೆ ಹೋಗ್ತಿದೆ ಅಂತ ನೋಡಿ ತಾಳೆ ಹಾಕ್ತಿದ್ದೆ, ಬಾಯಿಮಾತಿನ ಬೆಲೆ ಒಪ್ತಿರ್ಲಿಲ್ಲ. ಹಾಗಂತ ಲಾಭ ಬರ್ಲೇಬಾರ್ದು ಅಂತಿಲ್ಲ, ಗಿರಾಕಿ ಮುಕ್ಕಾಲು ಭಾಗ ಕಟ್ಟಿ ಆಮೇಲೆ ಬಿಟ್ಟಿದ್ರೆ ಇನ್ನೂ ವಾಪಸ್ ಬರದ ಕಾಸ್ಟಿಗಿಂತ ಗಾಡಿ ಬೆಲೆ ಜಾಸ್ತಿ ಇರ್ಬಹುದು, ಅದು ನ್ಯಾಯವಾದ ಲಾಭನೇ.

ರಿಪೇರಿ ಆದ್ಮೇಲೆ ಆ 500 ಗಾಡಿ ಕಾಸ್ಟಿಗೆ ಸೇರಿ 3,000 ಆಯ್ತು, 4,000ಕ್ಕೆ ಮಾರಿದಾಗ 1,000 ಲಾಭ, ಅಂದಾಜಿಸಿದ 25% ಸರಿಯಾಗಿ ಬಂತು. ಟೋ ಗಾಡಿಯವನ ಚಾರ್ಜ್ ಮಾತ್ರ ಕಾಸ್ಟಿಗೆ ಸೇರಿಸ್ತಿರ್ಲಿಲ್ಲ, ಆ ತಿಂಗಳ ಖರ್ಚು. ಇಂಥ ಮರುಮಾರಾಟವನ್ನ ಮತ್ತೆ ಕಂತಿಗೇ ಕೊಟ್ರೆ ಅದನ್ನ ಮಾಮೂಲಿ ಮಾರಾಟದ ಗುಂಪಿಗೆ ಸೇರಿಸ್ದೆ ಬೇರೆ ಇಡ್ತಿದ್ದೆ, ಸೇರಿಸಿದ್ರೆ ಆ ವರ್ಷದ ರೇಟೇ ಕಲಬೆರಕೆ ಆಗುತ್ತೆ.

ಇದೆಲ್ಲ ಅವನ ಫೈನಾನ್ಷಿಯಲ್ ಬುಕ್ಸಿನ ಮಾತು. ಅಲ್ಲಿನ ಇನ್‌ಕಂ ಟ್ಯಾಕ್ಸಿಗೆ ಇದು ನಡೆಯಲ್ಲ, 1987ರ ಕಾನೂನು ಬಂದ್ಮೇಲೆ ಕಾರು ಡೀಲರ್ ಥರದವರು ಮಾರಿದ ವರ್ಷವೇ ಪೂರ್ತಿ ಲಾಭ ತೋರಿಸ್ಬೇಕು, ಹಾಗಾಗಿ ಎರಡೂ ಲೆಕ್ಕದ ವ್ಯತ್ಯಾಸಕ್ಕೆ ಬೇರೆ ಶೀಟ್ ಇಟ್ಟಿದ್ದೆ. ಆಮೇಲೆ ಆದಾಯ ಯಾವಾಗ ತೋರಿಸ್ಬೇಕು ಅನ್ನೋದಕ್ಕೆ ಎಎಸ್‌ಸಿ 606 ಅನ್ನೋ ಅಮೆರಿಕದ ಹೊಸ ಸ್ಟ್ಯಾಂಡರ್ಡ್ ಬಂದು ಈ ಹಳೇ ಮೆಥಡ್‌ಗೆ ಅಲ್ಲಿ ಫೈನಾನ್ಷಿಯಲ್ ಬುಕ್ಸಲ್ಲೂ ಜಾಗ ಇಲ್ಲದ ಹಾಗಾಯ್ತು. ಈಗ ದುಡ್ಡು ಬರೋ ಸಾಧ್ಯತೆ ಇದೆಯಾ ಅನ್ನೋದನ್ನ ಮಾರೋ ದಿನವೇ ನೋಡ್ಬೇಕು, ಇಲ್ಲ ಅಂತ ಅನ್ಸಿದ್ರೆ ಬಂದ ಹಣ ಸದ್ಯಕ್ಕೆ ಲಯಬಿಲಿಟಿ.