ಮನೆಯ ವಸ್ತುವಿನಿಂದ ಒಗಟು ಕಟ್ಟುವುದು ಹೇಗೆ?

‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದರೆ ಮಲ್ಲಿಗೆ. ‘ಅಂಗೈ ಕೊಟ್ಟರೆ ಮುಂಗೈಯನ್ನೂ ನುಂಗುತ್ತದೆ’ ಎಂದರೆ ಬಳೆ. ಈ ಎರಡು ಒಗಟುಗಳನ್ನು ಕೇಳದೆ ಬೆಳೆದವರು ಕಡಿಮೆ. ಆದರೆ ಉತ್ತರ ಗೊತ್ತಿರುವ ಒಗಟನ್ನು ಮಕ್ಕಳ ಮುಂದೆ ಮತ್ತೆ ಮತ್ತೆ ಇಟ್ಟರೆ ಅದು ಬಾಯಿಪಾಠವಾಗುತ್ತದೆ. ಹೊಸದನ್ನು ಕಟ್ಟಬೇಕು. ಕಟ್ಟುವ ಕ್ರಮ ತಿಳಿದುಕೊಂಡರೆ ಎಂಟು ಹತ್ತು ವರ್ಷದ ಮಕ್ಕಳೂ ಅದನ್ನು ಮಾಡಬಲ್ಲರು.

ಮೊದಲು ವಸ್ತುವನ್ನು ಆರಿಸಿಕೊಳ್ಳಿ. ಅದು ಮಗು ಕೈಯಲ್ಲಿ ಮುಟ್ಟಿ ನೋಡಿದ ವಸ್ತುವಾಗಿರಬೇಕು. ಮಿಕ್ಸಿ ಮಾತ್ರ ಇರುವ ಮನೆಯ ಮಗುವಿಗೆ ಬೀಸುವ ಕಲ್ಲಿನ ಒಗಟು ಹಾಕಿದರೆ ಅದು ಯೋಚಿಸುವುದಿಲ್ಲ, ಸುಮ್ಮನೆ ಊಹಿಸುತ್ತದೆ. ಇಲ್ಲಿ ನಾನು ತುರಿಮಣೆಯನ್ನು ತೆಗೆದುಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಅದಿಲ್ಲದಿದ್ದರೆ ಇದೇ ಕ್ರಮವನ್ನು ಬಾಗಿಲಿಗೋ ಬಾಟಲಿಗೋ ಅನ್ವಯಿಸಿ.

ಎರಡನೆಯ ಹೆಜ್ಜೆಯೇ ಒಗಟಿನ ಜೀವ. ವಸ್ತುವಿನ ಭಾಗಗಳನ್ನು ಹೆಸರಿಸುವಾಗ ನಾವು ಮೈಯ ಅಂಗಗಳ ಹೆಸರನ್ನೇ ಬಳಸುತ್ತೇವೆ. ಸೂಜಿಗೆ ಕಣ್ಣು, ಮಡಕೆಗೆ ಬಾಯಿ, ಕುರ್ಚಿಗೆ ಕೈ, ಮಂಚಕ್ಕೆ ಕಾಲು, ಗರಗಸಕ್ಕೆ ಹಲ್ಲು. ಆ ಅಂಗ ಇದೆ ಎಂದು ಹೇಳಿ, ಅದು ಮಾಡಬೇಕಾದ ಕೆಲಸ ಇಲ್ಲ ಎಂದುಬಿಟ್ಟರೆ ಅಲ್ಲಿ ಒಗಟು ಹುಟ್ಟುತ್ತದೆ. ತುರಿಮಣೆಗೂ ಹಲ್ಲಿದೆ. ಹಾಗಾಗಿ ಮೊದಲ ಕರಡು ಹೀಗೆ: ‘ಹಲ್ಲಿದೆ, ಕಚ್ಚುವುದಿಲ್ಲ.’

ಈಗ ಅದನ್ನು ಪರೀಕ್ಷಿಸಬೇಕು. ಈ ಸಾಲಿಗೆ ಹೊಂದುವ ಬೇರೆ ಉತ್ತರಗಳು ಎಷ್ಟಿವೆ? ಬಾಚಣಿಗೆ ಇದೆ, ಗರಗಸ ಇದೆ. ಮಗು ‘ಬಾಚಣಿಗೆ’ ಎಂದರೆ ತಪ್ಪೆನ್ನಲು ನಮಗೆ ಅಧಿಕಾರವಿಲ್ಲ, ಏಕೆಂದರೆ ನಾವು ಹೇಳಿದ ಮಾತಿಗೆ ಅದು ಸರಿಯಾಗಿಯೇ ಹೊಂದುತ್ತದೆ. ಆದ್ದರಿಂದ ಬಾಚಣಿಗೆಯನ್ನೂ ಗರಗಸವನ್ನೂ ಹೊರಗಿಡುವ ಸಾಲು ಬೇಕು. ತುರಿಮಣೆಯ ಮೇಲೆ ಹತ್ತಿ ಕೂರುತ್ತೇವೆ, ಅವೆರಡರ ಮೇಲೆ ಕೂರುವುದಿಲ್ಲ. ‘ಹಾಗಾದರೆ ಕುದುರೆ’ ಎನ್ನುವ ಮಗುವೂ ಇರುತ್ತದೆ. ಅದಕ್ಕಾಗಿ ‘ನಡೆಯುವುದಿಲ್ಲ’ ಎಂದು ಸೇರಿಸಬೇಕು. ಕೊನೆಗೆ ಅದರ ಕೆಲಸ: ಬಿಳಿಯ ಕಾಯಿಯನ್ನು ಕೆರೆಯುತ್ತದೆ, ಒಂದು ಚೂರನ್ನೂ ತಾನು ತಿನ್ನುವುದಿಲ್ಲ. ಮೂರು ಸಾಲು ಸಾಕು. ನಾಲ್ಕನೆಯ ಸಾಲು ಬೇಕೆನಿಸಿದರೆ ಮೊದಲ ಮೂರರಲ್ಲಿ ಯಾವುದೋ ಒಂದು ಕೆಲಸ ಮಾಡುತ್ತಿಲ್ಲ ಎಂದರ್ಥ.

ಅರ್ಥ ಸರಿಯಾದ ಮೇಲೆ ಕಿವಿಯ ಸರದಿ. ‘ಹಸಿರು–ಮೊಸರು’, ‘ಅಂಗೈ–ಮುಂಗೈ’ ಎನ್ನುವಲ್ಲಿ ಎರಡನೆಯ ಅಕ್ಷರದ ಪ್ರಾಸವಿದೆ. ಹಳೆಯ ಒಗಟುಗಳು ನಾಲಿಗೆಯ ಮೇಲೆ ನಿಂತಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ಒಗಟಿಗೂ ಅದೇ ಪ್ರಾಸವನ್ನು ಹುಡುಕೋಣ. ಹಲ್ಲಿಗೆ ‘ಸೊಲ್ಲು’ ಸಿಗುತ್ತದೆ, ‘ಹತ್ತಿ’ಗೆ ‘ಹೊತ್ತು’, ‘ಬೆಳ್ಳಗೆ’ಗೆ ‘ಎಳ್ಳಷ್ಟು’.

ಹಲ್ಲುಂಟು, ಸೊಲ್ಲಿಲ್ಲ;
ಹತ್ತಿ ಕೂತರೂ ಹೊತ್ತು ನಡೆಯುವುದಿಲ್ಲ;
ಬೆಳ್ಳಗಿನದನ್ನು ಕೆರೆಯುತ್ತದೆ, ಎಳ್ಳಷ್ಟೂ ನುಂಗುವುದಿಲ್ಲ.

ಪ್ರಾಸಕ್ಕಾಗಿ ಸುಳ್ಳು ಹೇಳಬಾರದು. ಚೆಂದ ಕೇಳಿಸುತ್ತದೆ ಎಂದು ವಸ್ತುವಿನಲ್ಲಿ ಇಲ್ಲದ ಬಣ್ಣವನ್ನೋ ಕೆಲಸವನ್ನೋ ಸೇರಿಸಿದರೆ ಉತ್ತರ ತಿಳಿದ ಮೇಲೆ ಮಗುವಿಗೆ ಮೋಸ ಹೋದಂತೆ ಅನಿಸುತ್ತದೆ. ಉತ್ತರ ಕೇಳಿದೊಡನೆ ‘ಅಯ್ಯೋ, ಹೌದಲ್ಲ!’ ಎಂದರೆ ಒಗಟು ಗೆದ್ದಿತು. ‘ಅದು ಹೇಗೆ?’ ಎಂದು ಕೇಳಿದರೆ ತಿದ್ದುವ ಕೆಲಸ ಉಳಿದಿದೆ.

ಸುಳಿವನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ಆ ಹೊತ್ತಿಗೆ ಹೊಳೆದದ್ದನ್ನು ಹೇಳಹೊರಟರೆ ಬಾಯಿ ತಪ್ಪಿ ಉತ್ತರವೇ ಹೊರಬೀಳುತ್ತದೆ. ‘ಅಡುಗೆಮನೆಯಲ್ಲಿದೆ’ ಎಂಬ ಸುಳಿವು ಸಪ್ಪೆ, ಏಕೆಂದರೆ ಅಲ್ಲಿ ನೂರು ವಸ್ತುಗಳಿವೆ. ಮೊದಲ ಸುಳಿವು ಒಗಟಿನ ಒಂದು ಪದವನ್ನು ಬೇರೆ ದಿಕ್ಕಿಗೆ ತಿರುಗಿಸಬೇಕು: ‘ಈ ಹಲ್ಲು ಕಬ್ಬಿಣದ್ದು.’ ಎರಡನೆಯದು ಸಂದರ್ಭವನ್ನು ನೆನಪಿಸಬೇಕು: ‘ಕಾಯಿಚಟ್ನಿ ಮಾಡುವಾಗ ಇದಕ್ಕೆ ಕೆಲಸ.’ ಮೂರನೆಯದು ಹೆಸರಿನ ತುಣುಕು: ‘ಹೆಸರಿನ ಕೊನೆಯಲ್ಲಿ ಕೂರುವ ಮಣೆಯಿದೆ.’ ಕರಾವಳಿಯ ಮಗು ‘ಹೆರೆಮಣೆ’ ಎಂದರೂ ಈ ಸುಳಿವು ಕೆಡುವುದಿಲ್ಲ. ಒಂದೇ ವಸ್ತುವಿಗೆ ಊರೂರಿಗೂ ಬೇರೆ ಹೆಸರಿರುವುದರಿಂದ ಮಗು ತನ್ನ ಮನೆಯ ಮಾತಿನಲ್ಲಿ ಉತ್ತರಿಸಿದರೆ ಒಪ್ಪಿಕೊಳ್ಳಲೇಬೇಕು.

ಇನ್ನು ಪದದಾಟದ ಒಗಟು. ಇದರಲ್ಲಿ ವಸ್ತುವಿನ ಬದಲು ಅದರ ಹೆಸರನ್ನು ಹಿಡಿದುಕೊಳ್ಳುತ್ತೇವೆ. ಕಾಗುಣಿತ ಕಲಿತ ಮಕ್ಕಳಿಗೆ ಇದು ಬಹಳ ಒಗ್ಗುತ್ತದೆ. ‘ಬಳೆ’ ಎಂದು ಬರೆದು ಮೊದಲ ಅಕ್ಷರದ ಗುಣಿತವನ್ನಷ್ಟೇ ಬದಲಿಸುತ್ತಾ ಹೋಗಿ: ಬಾಳೆ, ಬಿಳೆ, ಬುಳೆ, ಬೆಳೆ, ಬೇಳೆ. ಅರ್ಥವಿಲ್ಲದ್ದನ್ನು ಹೊಡೆದುಹಾಕಿದರೆ ನಾಲ್ಕು ಉಳಿಯುತ್ತವೆ. ಒಂದೊಂದಕ್ಕೆ ಒಂದೊಂದು ಸಾಲು ಬರೆಯಿರಿ:

ಕೈಯಲ್ಲಿದ್ದರೆ ಗಲಗಲ ಎನ್ನುವೆ;
ದೀರ್ಘ ಎಳೆದರೆ ಎಲೆ ಹಾಸಿ ಊಟಕ್ಕೆ ಕರೆಯುವೆ;
ಎತ್ವ ಕೊಟ್ಟರೆ ಹೊಲದ ತುಂಬ ನಿಲ್ಲುವೆ;
ಅದನ್ನೂ ಎಳೆದರೆ ಸಾರಿಗಾಗಿ ಬೇಯುವೆ.

ಇಲ್ಲಿ ಎಚ್ಚರಿಕೆ ಬೇಕಾದದ್ದು ಉಚ್ಚಾರಣೆಯಲ್ಲಿ. ‘ಳ’ಕಾರವನ್ನು ‘ಲ’ ಎಂದು ನುಡಿಯುವ ಮಕ್ಕಳಿಗೆ ‘ಬೆಳೆ’ಯೂ ‘ಬೆಲೆ’ಯೂ ಒಂದೇ ಆಗಿ ಕೇಳಿಸಿ ಒಗಟು ದಾರಿ ತಪ್ಪುತ್ತದೆ. ಇಂಥದ್ದನ್ನು ಹಲಗೆಯ ಮೇಲೆ ಬರೆದು ಆಡಿಸುವುದು ಮೇಲು.

ಇನ್ನೊಂದು ಬಗೆ ಎರಡು ಅರ್ಥದ ಪದದ್ದು. ಕನ್ನಡದ ಎಣಿಕೆಯ ಪದಗಳೇ ಇದಕ್ಕೆ ಒಳ್ಳೆಯ ಗಣಿ. ಏಳು, ಹತ್ತು ಎಂಬುವು ಸಂಖ್ಯೆಗಳೂ ಹೌದು, ಕೆಲಸ ಹೇಳುವ ಮಾತುಗಳೂ ಹೌದು. ‘ಬೆಳಗಿನ ಜಾವ ನಿದ್ದೆ ಮಾಡುವವರು ಕೇಳಲೊಲ್ಲದ ಸಂಖ್ಯೆ ಯಾವುದು?’ ಏಳು. ‘ಮಾವಿನ ಮರದಲ್ಲಿ ಹಣ್ಣು ಕಂಡೊಡನೆ ನೆನಪಾಗುವ ಸಂಖ್ಯೆ?’ ಹತ್ತು. ಈ ಬಗೆಯದಕ್ಕೆ ಸುಳಿವು ಕೊಡುವಾಗ ಸಂಖ್ಯೆಯ ಕಡೆಯಿಂದ ಬರಬೇಡಿ. ‘ಆರಾದ ಮೇಲೆ ಬರುತ್ತದೆ’ ಎಂದರೆ ಆಟ ಮುಗಿಯಿತು. ‘ಅಮ್ಮ ಹೊದಿಕೆ ಎಳೆಯುತ್ತಾ ಏನೆನ್ನುತ್ತಾಳೆ?’ ಎಂದು ಕೇಳಿ.

ಮಕ್ಕಳ ಮುಂದಿಡಲು ಇನ್ನು ನಾಲ್ಕು ಒಗಟುಗಳು ಇಲ್ಲಿವೆ. ಮೊದಲನೆಯದರಲ್ಲಿ ‘ಮನೆಯೊಳಗೆ ಮುದುಡುತ್ತದೆ’ ಎಂಬುದನ್ನು ಬಿಟ್ಟರೆ ‘ಅಣಬೆ’ ಎಂಬ ಉತ್ತರವೂ ಸರಿಯಾಗಿಬಿಡುತ್ತದೆ. ನಾಲ್ಕನೆಯದು ಭಿನ್ನರಾಶಿ ಕಲಿತವರಿಗೆ ಮಾತ್ರ.

1. ಮಳೆಗೆ ಅರಳುತ್ತದೆ, ಮನೆಯೊಳಗೆ ಮುದುಡುತ್ತದೆ. ಒಂಟಿ ಕಾಲು, ಕೊಕ್ಕರೆಯಲ್ಲ.
ಸುಳಿವು: ಬಸ್ಸಿನಲ್ಲಿ ಮರೆತು ಬರುವವರು ಬಹಳ.

2. ದೀಪಕ್ಕೆ ಬೇಡವಾದ ಸಂಖ್ಯೆ, ಕುದಿಯುವ ಹಾಲಿಗೆ ಬೇಕಾದ ಸಂಖ್ಯೆ.
ಸುಳಿವು: ಗಾಳಿ ಬೀಸಿದರೆ ದೀಪ ಏನಾಗುತ್ತದೆ?

3. ಮೋಡದಿಂದ ಬೀಳುವೆ, ಒತ್ವ ಕೊಟ್ಟರೆ ಗೋಡೆಯಲ್ಲಿ ನಿಂತು ಪಟ ಹೊರುವೆ, ಕೊಂಬಿನ ದೀರ್ಘ ಕೊಟ್ಟರೆ ನಿನ್ನ ಮೈಯೊಳಗೇ ಇರುವೆ.
ಸುಳಿವು: ಎರಡನೆಯದಕ್ಕೆ ಸುತ್ತಿಗೆಯ ಏಟು ಬೀಳುತ್ತದೆ.

4. ಮೇಜಿಗೆ ನಾಲ್ಕು, ಮಗುವಿಗೆ ಎರಡು. ಗಣಿತದಲ್ಲಿ ಮಾತ್ರ ನಾಲ್ಕು ಸೇರಿದರೆ ಒಂದು.
ಸುಳಿವು: ಇದರ ಎರಡರಷ್ಟಕ್ಕೆ ‘ಅರ್ಧ’ ಎನ್ನುತ್ತಾರೆ.

ಉತ್ತರಗಳು: 1. ಕೊಡೆ 2. ಆರು 3. ಮಳೆ, ಮೊಳೆ, ಮೂಳೆ 4. ಕಾಲು